ಸಭೆ ಸೇರದೆ ಕಚೇರಿ ಬದಲಾವಣೆ: ಸುತ್ತೋಲೆ ನಿರ್ಣಯ ಬರೆಯುವ ಬಗೆ

ಚಿಕ್ಕ ಪ್ರೈವೇಟ್ ಲಿಮಿಟೆಡ್ ಕಂಪನಿಗಳ ನೋಂದಾಯಿತ ಕಚೇರಿ ಸಾಮಾನ್ಯವಾಗಿ ಯಾರದೋ ಮನೆಯ ಮೇಲ್ಮಹಡಿ. ಮಾಲೀಕರು ಮಗಳ ಮದುವೆಯಾಯಿತು, ಮನೆ ನಮಗೇ ಬೇಕು ಎಂದ ದಿನ ಕಂಪನಿಯ ವಿಳಾಸವೂ ಬದಲಾಗಬೇಕಾಗುತ್ತದೆ. ಆಗ ಲೆಕ್ಕ ನೋಡಿಕೊಳ್ಳುವವರು "ಒಂದು ಸರ್ಕ್ಯುಲರ್ ರೆಸಲ್ಯೂಷನ್ ಮಾಡಿಬಿಡಿ ಸಾರ್" ಎನ್ನುತ್ತಾರೆ. ಎಲ್ಲಿಂದಲೋ ಸಿಕ್ಕ ಒಂದು ಹಾಳೆಯಲ್ಲಿ ಹೆಸರು, ವಿಳಾಸ ತುಂಬಿ, ಊರಲ್ಲಿರುವ ಇಬ್ಬರು ನಿರ್ದೇಶಕರು ಸಹಿ ಹಾಕುತ್ತಾರೆ. ಮೂರನೆಯವರಿಗೆ ಆಮೇಲೆ ಫೋನಿನಲ್ಲಿ ತಿಳಿಸಿದರಾಯಿತು ಎಂದುಕೊಳ್ಳುತ್ತಾರೆ. ಅಲ್ಲಿಗೆ ಆ ಹಾಳೆಯ ಬೆಲೆ ಮುಗಿಯಿತು. ಒಬ್ಬ ನಿರ್ದೇಶಕರಿಗೆ ಕರಡನ್ನೇ ಕಳುಹಿಸದೆ ಮಾಡಿದ ಸುತ್ತೋಲೆ ನಿರ್ಣಯ ಅಂಗೀಕಾರವಾಯಿತೆಂದು ಕಂಪನಿಗಳ ಕಾಯ್ದೆ, 2013 ಒಪ್ಪುವುದಿಲ್ಲ.

ಈ ಲೇಖನದಲ್ಲಿ ಒಂದೇ ಉದಾಹರಣೆಯನ್ನು ಹಿಡಿದುಕೊಂಡು ಹೋಗೋಣ. ಮೈಸೂರಿನ ಒಂದು ಪ್ರೈವೇಟ್ ಕಂಪನಿ ಎಂದಿಟ್ಟುಕೊಳ್ಳಿ. ಮೂವರು ನಿರ್ದೇಶಕರು. ಅಣ್ಣ ಅಧ್ಯಕ್ಷರು, ತಮ್ಮ ದಿನದ ವ್ಯವಹಾರ ನೋಡುವವರು, ಮೂರನೆಯವರು ಅಣ್ಣನ ಕಾಲೇಜು ಗೆಳೆಯ, ಈಗ ಮಸ್ಕತ್‌ನಲ್ಲಿದ್ದಾರೆ. ಕಚೇರಿ ವಿಜಯನಗರದಿಂದ ಸರಸ್ವತಿಪುರಂಗೆ ಹೋಗಬೇಕು. ಹೊಸ ಜಾಗದ ಮಾಲೀಕರು ಕಂಪನಿಗೆ ಯಾವ ಸಂಬಂಧವೂ ಇಲ್ಲದ ಹೊರಗಿನವರು. ಬಾಡಿಗೆ ಕರಾರು 2026ರ ಸೆಪ್ಟೆಂಬರ್ 1ರಿಂದ ಶುರು.

ಸುತ್ತೋಲೆ ಸಾಕೇ, ಸಾಲದೇ

ಕೆಲವು ವಿಷಯಗಳನ್ನು ನಿರ್ದೇಶಕರ ಮಂಡಳಿ ಸಭೆ ಸೇರಿಯೇ ತೀರ್ಮಾನಿಸಬೇಕು ಎಂದು ಕಾಯ್ದೆಯ ಸೆಕ್ಷನ್ 179 ಪಟ್ಟಿ ಮಾಡಿದೆ. ಸಾಲ ಎತ್ತುವುದು, ಹಣ ಹೂಡುವುದು, ಷೇರು ಹಂಚುವುದು, ವಾರ್ಷಿಕ ಲೆಕ್ಕಪತ್ರ ಒಪ್ಪುವುದು ಇಂಥವು. ನೋಂದಾಯಿತ ಕಚೇರಿಯ ಬದಲಾವಣೆ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಸೆಕ್ಷನ್ 175ರ ಪ್ರಕಾರ ಕರಡನ್ನು ಎಲ್ಲರಿಗೂ ಕಳುಹಿಸಿ, ಒಪ್ಪಿಗೆ ಪಡೆದು, ಸಭೆಯಿಲ್ಲದೆ ಅಂಗೀಕರಿಸಬಹುದು.

ಆದರೆ ಇದು ಕಚೇರಿ ಅದೇ ನಗರ, ಪಟ್ಟಣ ಅಥವಾ ಹಳ್ಳಿಯ ಸ್ಥಳೀಯ ಮಿತಿಯೊಳಗೆ ಸರಿದಾಗ ಮಾತ್ರ. ಮಿತಿ ದಾಟಿದರೆ ಸೆಕ್ಷನ್ 12ರ ಪ್ರಕಾರ ಷೇರುದಾರರ ವಿಶೇಷ ನಿರ್ಣಯ ಬೇಕು. ಅದನ್ನು ನಿರ್ದೇಶಕರ ನಡುವೆ ಕಾಗದ ಸುತ್ತಿಸಿ ಮಾಡಲಾಗದು, ಷೇರುದಾರರ ಸಭೆಯನ್ನೇ ಕರೆಯಬೇಕು. ಆ ನಿರ್ಣಯವನ್ನು MGT-14 ಫಾರಂನಲ್ಲಿ ಬೇರೆಯಾಗಿ ಸಲ್ಲಿಸಲೂ ಬೇಕು. ಒಂದೇ ರಾಜ್ಯದಲ್ಲಿ ಒಬ್ಬರಿಗಿಂತ ಹೆಚ್ಚು ರಿಜಿಸ್ಟ್ರಾರ್ ಇರುವ ಕಡೆ, ಉದಾಹರಣೆಗೆ ಮಹಾರಾಷ್ಟ್ರದಲ್ಲಿ ಪುಣೆಯಿಂದ ಮುಂಬೈಗೆ ಹೋಗುವಾಗ, ಪ್ರಾದೇಶಿಕ ನಿರ್ದೇಶಕರ ಅನುಮತಿಯೂ ಬೇಕು. ಕರ್ನಾಟಕಕ್ಕೆಲ್ಲ ಬೆಂಗಳೂರಿನ ರಿಜಿಸ್ಟ್ರಾರ್ ಒಬ್ಬರೇ ಆದ್ದರಿಂದ ಆ ತಾಪತ್ರಯ ನಮಗಿಲ್ಲ.

ಎಡವುವುದು ಊರಿನ ಅಂಚಿನಲ್ಲಿ. ಬಸ್ಸಿನ ಬೋರ್ಡು, ಪಿನ್‌ಕೋಡು, ಜನರ ಬಾಯಿಮಾತು ಎಲ್ಲವೂ ಮೈಸೂರು ಎನ್ನುತ್ತವೆ. ಆದರೆ ರಿಂಗ್ ರಸ್ತೆಯಾಚೆಯ ಹೊಸ ಬಡಾವಣೆ ಪಾಲಿಕೆಗೆ ಸೇರಿರದೆ ಪಕ್ಕದ ಪಂಚಾಯಿತಿಗೋ ನಗರಸಭೆಗೋ ಸೇರಿರಬಹುದು. ಹೊಸ ಕಟ್ಟಡದ ಆಸ್ತಿ ತೆರಿಗೆ ರಸೀದಿಯನ್ನು ಮಾಲೀಕರಿಂದ ಮೊದಲೇ ಕೇಳಿ ಪಡೆದು, ಅದನ್ನು ಕೊಟ್ಟ ಸಂಸ್ಥೆ ಯಾವುದೆಂದು ನೋಡುವುದು ಸುಲಭದ ಪರೀಕ್ಷೆ. ಹಳೆಯ ಕಚೇರಿಯ ರಸೀದಿಯಲ್ಲಿರುವ ಸಂಸ್ಥೆಯೇ ಹೊಸದರಲ್ಲೂ ಇದ್ದರೆ ಮುಂದುವರಿಯಬಹುದು. ಬೇರೆಯಾಗಿದ್ದರೆ ಸುತ್ತೋಲೆಯನ್ನು ಅಲ್ಲಿಗೇ ನಿಲ್ಲಿಸಿ ಕಂಪನಿ ಸೆಕ್ರೆಟರಿಯವರನ್ನು ಕಾಣಿ. ನಮ್ಮ ಉದಾಹರಣೆಯಲ್ಲಿ ವಿಜಯನಗರ, ಸರಸ್ವತಿಪುರಂ ಎರಡೂ ಮೈಸೂರು ಮಹಾನಗರ ಪಾಲಿಕೆಯವು.

ಇನ್ನೊಂದು ಗುಂಡಿ ಇದಕ್ಕಿಂತ ಆಳವಾದದ್ದು. ಹೊಸ ಜಾಗ ನಿರ್ದೇಶಕರೊಬ್ಬರದೇ ಆಗಿದ್ದರೆ, ಅಥವಾ ಅವರ ಹೆಂಡತಿಯದೋ ತಂದೆಯದೋ ಆಗಿದ್ದರೆ? ಚಿಕ್ಕ ಕಂಪನಿಗಳಲ್ಲಿ ಇದೇ ಹೆಚ್ಚು. ಕಚೇರಿಯ ವಿಳಾಸ ಬದಲಾಯಿಸುವುದು ಒಂದು ತೀರ್ಮಾನ, ಆ ಜಾಗವನ್ನು ಬಾಡಿಗೆಗೆ ಪಡೆಯುವುದು ಇನ್ನೊಂದು. ಎರಡನೆಯದು ಸೆಕ್ಷನ್ 188ರ ಪ್ರಕಾರ ಸಂಬಂಧಿತ ವ್ಯಕ್ತಿಯೊಂದಿಗಿನ ವ್ಯವಹಾರ. ಅದಕ್ಕೆ ಮಂಡಳಿಯ ಒಪ್ಪಿಗೆ "ಸಭೆಯಲ್ಲಿ" ಆಗಬೇಕೆಂದು ಆ ಸೆಕ್ಷನ್ನೇ ಹೇಳುತ್ತದೆ. ಮಾಮೂಲಿ ವ್ಯವಹಾರದ ಭಾಗವಾಗಿ, ಮಾರುಕಟ್ಟೆಯ ದರಕ್ಕೆ ನಡೆದರೆ ವಿನಾಯಿತಿಯೇನೋ ಉಂಟು. ಆದರೆ ಅದನ್ನು ಸಾಬೀತುಪಡಿಸುವ ಹೊಣೆ ಕಂಪನಿಯ ಮೇಲೆಯೇ ಬೀಳುತ್ತದೆ. ಅಂಥ ಕಡೆ ಸುತ್ತೋಲೆಯ ಗೊಡವೆಯೇ ಬೇಡ. ಒಂದು ಸಭೆ ಕರೆದು, ಆ ನಿರ್ದೇಶಕರು ತಮ್ಮ ಹಿತಾಸಕ್ತಿಯನ್ನು ತಿಳಿಸಿ, ಎರಡೂ ನಿರ್ಣಯಗಳನ್ನು ಅಲ್ಲೇ ಮುಗಿಸುವುದು ಲೇಸು.

ಏಳು ದಿನ, ಮೂರರಲ್ಲೊಂದು

ಕಾಯ್ದೆ ಕೊಟ್ಟಿರುವುದು ಚೌಕಟ್ಟು. ಅದರೊಳಗಿನ ದಿನಗಳ ಲೆಕ್ಕ ಇರುವುದು ಕಂಪನಿ ಸೆಕ್ರೆಟರಿಗಳ ಸಂಸ್ಥೆ ಹೊರಡಿಸಿದ, ಮಂಡಳಿ ಸಭೆಗಳ ಕುರಿತ ಮಾನದಂಡದಲ್ಲಿ. ಎಸ್‌ಎಸ್-1 ಎಂದು ಅದರ ಹೆಸರು. ಸೆಕ್ಷನ್ 118ರ ಪ್ರಕಾರ ಅದನ್ನು ಪಾಲಿಸುವುದು ಕಡ್ಡಾಯ.

ಕರಡು ಎಲ್ಲ ನಿರ್ದೇಶಕರಿಗೂ ಒಂದೇ ದಿನ ಹೋಗಬೇಕು, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ. ಕರಡು ಬರೆದ ಅಧ್ಯಕ್ಷರಿಗೂ ಒಂದು ಪ್ರತಿ ಹೋಗಬೇಕು. ಕೈಯಲ್ಲಿ ಕೊಡಬಹುದು, ಅಂಚೆ, ಕೊರಿಯರ್, ಇ-ಮೇಲ್ ಯಾವುದಾದರೂ ಆದೀತು. ಹೋಗುವ ವಿಳಾಸ ಮಾತ್ರ ಆ ನಿರ್ದೇಶಕರು ಕಂಪನಿಯಲ್ಲಿ ನೋಂದಾಯಿಸಿದ್ದೇ ಆಗಿರಬೇಕು. ಮಸ್ಕತ್‌ನಲ್ಲಿರುವ ಗೆಳೆಯರ ಸದ್ಯದ ಮನೆ ವಿಳಾಸ ಗೊತ್ತಿದ್ದರೂ ಅದು ಲೆಕ್ಕಕ್ಕಿಲ್ಲ. ಅವರು ಕಂಪನಿಗೆ ಕೊಟ್ಟಿರುವ ಭಾರತದ ವಿಳಾಸ ಅಥವಾ ನೋಂದಾಯಿತ ಇ-ಮೇಲ್ ಮಾತ್ರ ಲೆಕ್ಕ. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ ನೀಲಿ ಗುರುತು ಬಂದರೆ ಸಾಕೆಂದು ನಂಬಿಕೂರುವವರು ಬಹಳ. "ಮೇಲ್ ನೋಡಪ್ಪಾ" ಎಂದು ನೆನಪಿಸಲು ವಾಟ್ಸ್ಆ್ಯಪ್ ಇರಲಿ, ದಾಖಲೆಗೆ ಇ-ಮೇಲ್ ಇರಲಿ. ಕಳುಹಿಸಿದ್ದಕ್ಕೂ ತಲುಪಿದ್ದಕ್ಕೂ ಪುರಾವೆಯನ್ನು ಕನಿಷ್ಠ ಮೂರು ವರ್ಷ ಉಳಿಸಿಕೊಳ್ಳಬೇಕು.

ಉತ್ತರಕ್ಕೆ ಕೊಡುವ ಗಡುವು ಏಳು ದಿನಕ್ಕಿಂತ ಹೆಚ್ಚಿರಬಾರದು. ಅಂಚೆ ಅಥವಾ ಕೊರಿಯರ್‌ನಲ್ಲಿ ಕಳುಹಿಸಿದ್ದರೆ ಇನ್ನೆರಡು ದಿನ ಸೇರುತ್ತದೆ. ಹದಿನೈದು ದಿನ, ಒಂದು ತಿಂಗಳು ಎಂದು ಧಾರಾಳವಾಗಿ ಬರೆದ ಕರಡುಗಳು ಓಡಾಡುತ್ತಿರುತ್ತವೆ. ಅವು ತಪ್ಪು.

ಇನ್ನು ಎಣಿಕೆ. ಬಹುಮತವೆಂದರೆ ಉತ್ತರ ಕೊಟ್ಟವರಲ್ಲಿ ಬಹುಮತವಲ್ಲ, ಮತ ಹಾಕುವ ಹಕ್ಕಿರುವ ಎಲ್ಲ ನಿರ್ದೇಶಕರಲ್ಲಿ ಬಹುಮತ. ಮೂವರಲ್ಲಿ ಇಬ್ಬರು ಬೇಕು. ಇಬ್ಬರೇ ನಿರ್ದೇಶಕರಿರುವ ಕಂಪನಿಯಲ್ಲಿ ಇಬ್ಬರೂ ಬೇಕು, ಏಕೆಂದರೆ ಒಂದು ಎನ್ನುವುದು ಎರಡರ ಅರ್ಧವೇ ಹೊರತು ಅರ್ಧಕ್ಕಿಂತ ಹೆಚ್ಚಲ್ಲ.

ನಿರ್ಣಯ ಅಂಗೀಕಾರವಾದ ದಿನ ಯಾವುದು ಎಂಬಲ್ಲಿ ಹೆಚ್ಚಿನವರು ತಪ್ಪುತ್ತಾರೆ. ನಮ್ಮ ಕಂಪನಿ ಆಗಸ್ಟ್ 3ರ ಸೋಮವಾರ ಇ-ಮೇಲ್ ಕಳುಹಿಸಿ, ಆಗಸ್ಟ್ 10ನ್ನು ಕೊನೆಯ ದಿನವಾಗಿ ಕೊಟ್ಟಿದೆ ಎನ್ನಿ. ಅಣ್ಣ ಅದೇ ದಿನ ಒಪ್ಪಿದರು. ತಮ್ಮ ಮಾರನೆಯ ದಿನ ಒಪ್ಪಿದರು. ಬಹುಮತ ಬಂತಲ್ಲ, ನಿರ್ಣಯ ಆಗಸ್ಟ್ 4ಕ್ಕೇ ಆಯಿತು ಎಂದು ಬರೆದುಬಿಡುತ್ತಾರೆ. ಹಾಗಾಗುವುದಿಲ್ಲ. ಕೊನೆಯ ದಿನಕ್ಕೆ ಮುಂಚೆಯೇ ಅಂಗೀಕಾರವಾಯಿತು ಎನ್ನಬೇಕಾದರೆ, ಆ ದಿನಕ್ಕೆ ಇನ್ನೂ ಉತ್ತರಿಸದವರು ಮತ್ತು ಸಭೆಯೇ ಬೇಕೆಂದವರು ಸೇರಿ ಒಟ್ಟು ನಿರ್ದೇಶಕರ ಮೂರನೇ ಒಂದು ಭಾಗವನ್ನು ಮುಟ್ಟಿರಬಾರದು. ಮೂವರಲ್ಲಿ ಒಬ್ಬರು ಸುಮ್ಮನಿದ್ದರೆ ಸರಿಯಾಗಿ ಮೂರನೇ ಒಂದು ಭಾಗವಾಯಿತು. ಆದ್ದರಿಂದ ಕಾಯಲೇಬೇಕು.

ಗೆಳೆಯರು ಆಗಸ್ಟ್ 7ರಂದು ಒಪ್ಪಿಗೆಯನ್ನೋ ವಿರೋಧವನ್ನೋ ತಿಳಿಸಿದರೆ ನಿರ್ಣಯ ಆಗಸ್ಟ್ 7ಕ್ಕೆ ಅಂಗೀಕಾರ. ಅವರು ಕೊನೆಯವರೆಗೂ ಉತ್ತರಿಸದಿದ್ದರೆ ತಟಸ್ಥರಾಗಿದ್ದರೆಂದು ಭಾವಿಸಿ, ಇಬ್ಬರ ಬಹುಮತದ ಮೇಲೆ ಆಗಸ್ಟ್ 10ಕ್ಕೆ ಅಂಗೀಕಾರ. "ಇದನ್ನು ಸಭೆಯಲ್ಲಿ ಮಾತಾಡೋಣ" ಎಂದು ಅವರೊಬ್ಬರೇ ಬರೆದರೂ ಸಾಕು, ಅವರೇ ಮೂರನೇ ಒಂದು ಭಾಗ. ಅಧ್ಯಕ್ಷರು ವಿಷಯವನ್ನು ಸಭೆಯ ಮುಂದಿಡಲೇಬೇಕು. ಅಣ್ಣತಮ್ಮಂದಿರು ಒಪ್ಪಿರುವುದು ಆಗ ಉಪಯೋಗಕ್ಕೆ ಬಾರದು. ನಾಲ್ವರು ನಿರ್ದೇಶಕರಿದ್ದರೆ ಚಿತ್ರವೇ ಬೇರೆ: ಮೂವರು ಒಪ್ಪಿ ಒಬ್ಬರು ಸುಮ್ಮನಿದ್ದರೆ ಅದು ಕಾಲು ಭಾಗ ಮಾತ್ರ, ಮೂರನೆಯವರ ಒಪ್ಪಿಗೆ ಬಂದ ದಿನವೇ ನಿರ್ಣಯ ಅಂಗೀಕಾರ.

ಈ ಲೆಕ್ಕ ಕೂದಲು ಸೀಳುವ ಕೆಲಸದಂತೆ ಕಂಡೀತು. ಆದರೆ ದಿನಾಂಕ ತಪ್ಪಿದರೆ ಅದನ್ನು ಹಿಡಿಯುವುದು ಬಹಳ ಸುಲಭ. ಇ-ಮೇಲ್‌ಗಳು ತಮ್ಮ ತಾರೀಖನ್ನು ತಾವೇ ಹೊತ್ತಿರುತ್ತವೆ. ಆಗಸ್ಟ್ 4ಕ್ಕೆ ಅಂಗೀಕಾರ ಎಂದು ದೃಢೀಕೃತ ಪ್ರತಿ ಹೇಳಿ, ಗೆಳೆಯರ ಮೇಲ್ ಆಗಸ್ಟ್ 7ರದ್ದಾಗಿದ್ದರೆ, ಮುಂದೆಂದೋ ಕಂಪನಿಯನ್ನು ಕೊಳ್ಳಲು ಬಂದವರ ವಕೀಲರು ಮೊದಲ ಪ್ರಶ್ನೆಯನ್ನು ಅಲ್ಲಿಂದಲೇ ಎತ್ತುತ್ತಾರೆ.

ಕರಡು

ಕರಡು ಹೊರಡುವ ಮುನ್ನ, ಈ ವಿಷಯವನ್ನು ಸುತ್ತೋಲೆಯ ಮೂಲಕ ಮಾಡುವುದೋ ಸಭೆಯಲ್ಲೋ ಎಂದು ಅಧ್ಯಕ್ಷರು ತೀರ್ಮಾನಿಸಬೇಕು. ಅಧ್ಯಕ್ಷರಿಲ್ಲದಿದ್ದರೆ ವ್ಯವಸ್ಥಾಪಕ ನಿರ್ದೇಶಕರು, ಅವರೂ ಇಲ್ಲದಿದ್ದರೆ ಪೂರ್ಣಾವಧಿ ನಿರ್ದೇಶಕರು. ಕಂಪನಿಯ ಕಡತದಲ್ಲಿ ಅದಕ್ಕೊಂದು ಸಾಲಿನ ಟಿಪ್ಪಣಿ ಇದ್ದರೆ ಸಾಕು. ಆಮೇಲೆ ಪತ್ರ. ಕಂಪನಿಯ ಲೆಟರ್‌ಹೆಡ್‌ನಲ್ಲಿ ಹೀಗೆ ಬರೆಯಬಹುದು:

ದಿನಾಂಕ: 3 ಆಗಸ್ಟ್ 2026
ಗೆ,
ಶ್ರೀ ________, ನಿರ್ದೇಶಕರು
(ಕಂಪನಿಯಲ್ಲಿ ನೋಂದಾಯಿಸಿರುವ ಇ-ಮೇಲ್ ವಿಳಾಸಕ್ಕೆ)

ವಿಷಯ: ಸುತ್ತೋಲೆ ನಿರ್ಣಯ ಸಂಖ್ಯೆ 1/2026-27. ನೋಂದಾಯಿತ ಕಚೇರಿಯ ಬದಲಾವಣೆ.

ಮಾನ್ಯರೇ,

ಕಂಪನಿಗಳ ಕಾಯ್ದೆ, 2013ರ ಸೆಕ್ಷನ್ 175ರ ಪ್ರಕಾರ ಸುತ್ತೋಲೆಯ ಮೂಲಕ ಅಂಗೀಕರಿಸಲು ಉದ್ದೇಶಿಸಿರುವ ನಿರ್ಣಯದ ಕರಡನ್ನು, ವಿವರಣಾ ಟಿಪ್ಪಣಿ ಹಾಗೂ ಸಂಬಂಧಿಸಿದ ಕಾಗದಪತ್ರಗಳೊಂದಿಗೆ ಇದರ ಜೊತೆ ಕಳುಹಿಸಲಾಗಿದೆ. ಇದೇ ಪತ್ರವನ್ನು ಇಂದೇ ಎಲ್ಲ ನಿರ್ದೇಶಕರಿಗೂ ಕಳುಹಿಸಲಾಗಿದೆ.

ತಮ್ಮ ಒಪ್ಪಿಗೆ ಅಥವಾ ವಿರೋಧವನ್ನು ಕೆಳಗಿನ ಉತ್ತರ ಪತ್ರದಲ್ಲಿ ಸಹಿ ಮತ್ತು ದಿನಾಂಕದೊಂದಿಗೆ, ಅಥವಾ ತಮ್ಮ ನೋಂದಾಯಿತ ಇ-ಮೇಲ್‌ನಿಂದ ಈ ಪತ್ರಕ್ಕೆ ಮರುತ್ತರವಾಗಿ, 10 ಆಗಸ್ಟ್ 2026ರೊಳಗೆ ತಿಳಿಸಬೇಕು. ಅಂದಿನೊಳಗೆ ಉತ್ತರ ಬಾರದಿದ್ದರೆ ತಾವು ಮತದಾನದಿಂದ ದೂರ ಉಳಿದಿರುವುದಾಗಿ ಭಾವಿಸಲಾಗುವುದು. ಈ ವಿಷಯವನ್ನು ಮಂಡಳಿಯ ಸಭೆಯಲ್ಲಿ ತೀರ್ಮಾನಿಸಬೇಕೆಂದು ತಾವು ಬಯಸಿದಲ್ಲಿ ಅದನ್ನೂ ಅಂದಿನೊಳಗೆ ತಿಳಿಸಬಹುದು. ವಿಷಯದಲ್ಲಿ ತಮಗೆ ಹಿತಾಸಕ್ತಿ ಇದ್ದರೆ ಅದನ್ನು ಅದೇ ದಿನಾಂಕದೊಳಗೆ ತಿಳಿಸಿ, ಮತದಾನದಿಂದ ದೂರ ಉಳಿಯಬೇಕು.

ಮಂಡಳಿಯ ಪರವಾಗಿ,
(ಸಹಿ) ________, ಅಧ್ಯಕ್ಷರು, ಡಿಐಎನ್ ________

ವಿವರಣಾ ಟಿಪ್ಪಣಿಯನ್ನು ಬಹಳ ಕಂಪನಿಗಳು ಬರೆಯುವುದೇ ಇಲ್ಲ. ಆದರೆ ಸಭೆಯಿಲ್ಲದ ಕಡೆ ಚರ್ಚೆಯ ಬದಲಿಗೆ ಇರುವುದು ಈ ಟಿಪ್ಪಣಿಯೊಂದೇ. ದೂರದಲ್ಲಿರುವ ನಿರ್ದೇಶಕರು ಇಷ್ಟನ್ನೇ ಓದಿ ತೀರ್ಮಾನಿಸಬೇಕಾದ್ದರಿಂದ, ಫೋನು ಮಾಡಿ ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಇಲ್ಲೇ ಉತ್ತರವಿರಲಿ:

ಕಂಪನಿಯ ಈಗಿನ ನೋಂದಾಯಿತ ಕಚೇರಿ ವಿಜಯನಗರದ ________ ವಿಳಾಸದ ಬಾಡಿಗೆ ಕಟ್ಟಡದಲ್ಲಿದೆ. ಮಾಲೀಕರು ಸ್ವಂತ ಬಳಕೆಗೆ ಜಾಗವನ್ನು ಕೇಳಿರುವುದರಿಂದ ಅದನ್ನು ಸೆಪ್ಟೆಂಬರ್ ಮೊದಲ ವಾರದೊಳಗೆ ಬಿಡಬೇಕಾಗಿದೆ. ಸರಸ್ವತಿಪುರಂನ ________ ವಿಳಾಸದಲ್ಲಿ ________ ಚದರ ಅಡಿ ಜಾಗವನ್ನು ತಿಂಗಳಿಗೆ ರೂ. ________ ಬಾಡಿಗೆ, ರೂ. ________ ಮುಂಗಡದ ಮೇಲೆ 1 ಸೆಪ್ಟೆಂಬರ್ 2026ರಿಂದ ಪಡೆಯಲು ಮಾತುಕತೆಯಾಗಿದೆ. ಎರಡೂ ವಿಳಾಸಗಳು ಮೈಸೂರು ನಗರದ ಸ್ಥಳೀಯ ಮಿತಿಯೊಳಗಿದ್ದು, ವಿಶೇಷ ನಿರ್ಣಯದ ಅಗತ್ಯವಿಲ್ಲ. ಜಾಗದ ಮಾಲೀಕರಿಗೂ ಕಂಪನಿಯ ಯಾವುದೇ ನಿರ್ದೇಶಕರಿಗೂ, ಅವರ ಬಂಧುಗಳಿಗೂ ಸಂಬಂಧವಿಲ್ಲ. ಈ ನಿರ್ಣಯದಲ್ಲಿ ಯಾವ ನಿರ್ದೇಶಕರಿಗೂ ಹಿತಾಸಕ್ತಿ ಇರುವುದಿಲ್ಲ. ಬಾಡಿಗೆ ಕರಾರಿನ ಕರಡು, ಆಸ್ತಿ ತೆರಿಗೆ ರಸೀದಿ, ಮಾಲೀಕರ ಒಪ್ಪಿಗೆ ಪತ್ರದ ಕರಡುಗಳನ್ನು ಲಗತ್ತಿಸಿದೆ.

ಇನ್ನು ನಿರ್ಣಯ:

"ಕಂಪನಿಗಳ ಕಾಯ್ದೆ, 2013ರ ಸೆಕ್ಷನ್ 12 ಹಾಗೂ ಅದರಡಿಯ ನಿಯಮಗಳ ಅನ್ವಯ, ಕಂಪನಿಯ ನೋಂದಾಯಿತ ಕಚೇರಿಯನ್ನು ________ (ಹಳೆಯ ಪೂರ್ಣ ವಿಳಾಸ) ಇಲ್ಲಿಂದ, ಮೈಸೂರು ನಗರದ ಸ್ಥಳೀಯ ಮಿತಿಯೊಳಗೇ ಇರುವ ________ (ಹೊಸ ಪೂರ್ಣ ವಿಳಾಸ) ಇಲ್ಲಿಗೆ, 1 ಸೆಪ್ಟೆಂಬರ್ 2026ರಿಂದ ಜಾರಿಗೆ ಬರುವಂತೆ ಬದಲಾಯಿಸಲು ನಿರ್ಣಯಿಸಲಾಯಿತು.

ನಿರ್ದೇಶಕರಾದ ಶ್ರೀ ________ (ಡಿಐಎನ್ ________) ಅವರು ಹೊಸ ಜಾಗದ ಬಾಡಿಗೆ ಕರಾರಿಗೆ ಕಂಪನಿಯ ಪರವಾಗಿ ಸಹಿ ಹಾಕಲು, INC-22 ಫಾರಂಗೆ ಡಿಜಿಟಲ್ ಸಹಿ ಮಾಡಿ ರಿಜಿಸ್ಟ್ರಾರ್ ಅವರಿಗೆ ಸಲ್ಲಿಸಲು, ಹಾಗೂ ಬ್ಯಾಂಕು, ತೆರಿಗೆ ಮತ್ತು ಇತರ ಕಚೇರಿಗಳಿಗೆ ವಿಳಾಸ ಬದಲಾವಣೆ ತಿಳಿಸಲು ಅಧಿಕಾರ ನೀಡಲು ನಿರ್ಣಯಿಸಲಾಯಿತು."

ಜಾರಿಯ ದಿನಾಂಕವನ್ನು ನಿರ್ಣಯದೊಳಗೇ ಬರೆದಿರುವುದನ್ನು ಗಮನಿಸಿ. ಬರೆಯದಿದ್ದರೆ ಅಂಗೀಕಾರವಾದ ದಿನವೇ ಜಾರಿಯ ದಿನವಾಗುತ್ತದೆ. ಆಗಸ್ಟ್ 10ಕ್ಕೆ ಅಂಗೀಕಾರವಾದರೆ ಆಗಸ್ಟ್ 10ರಿಂದಲೇ ಕಂಪನಿ ಸರಸ್ವತಿಪುರಂನಲ್ಲಿರಬೇಕು. ಆದರೆ ಆ ದಿನಕ್ಕೆ ಕೈಯಲ್ಲಿ ಕರಾರೂ ಇಲ್ಲ, ಬೀಗದ ಕೈಯೂ ಇಲ್ಲ. ಮಾತ್ರವಲ್ಲ, ರಿಜಿಸ್ಟ್ರಾರ್ ಅವರಿಗೆ ತಿಳಿಸುವ ಮೂವತ್ತು ದಿನದ ಗಡುವೂ ಅಂದಿನಿಂದಲೇ ಓಡಲು ಶುರು.

ಅಧಿಕಾರ ಯಾರಿಗೆ ಎಂಬುದನ್ನೂ ಯೋಚಿಸಿಯೇ ತುಂಬಬೇಕು. INC-22 ಜೊತೆ ಕಟ್ಟಡದ ಹೊರನೋಟ ಮತ್ತು ಕಚೇರಿಯ ಒಳಗಿನ ಫೋಟೊ ಲಗತ್ತಿಸಬೇಕು. ಒಳಗಿನ ಫೋಟೊದಲ್ಲಿ ಆ ಫಾರಂಗೆ ಸಹಿ ಹಾಕುವ ನಿರ್ದೇಶಕರೇ ಕಾಣಬೇಕು. ಮಸ್ಕತ್‌ನಲ್ಲಿರುವವರ ಹೆಸರು ಬರೆದರೆ ಒಂದು ಫೋಟೊಗಾಗಿ ವಿಮಾನ ಹತ್ತಿಸಬೇಕಾದೀತು. ನಮ್ಮ ಉದಾಹರಣೆಯಲ್ಲಿ ತಮ್ಮನ ಹೆಸರೇ ಸರಿ.

ಕೊನೆಗೆ ಉತ್ತರ ಪತ್ರ, ನಾಲ್ಕು ಸಾಲು ಸಾಕು:

ಸುತ್ತೋಲೆ ನಿರ್ಣಯ ಸಂಖ್ಯೆ 1/2026-27ರ ಕರಡನ್ನೂ ಟಿಪ್ಪಣಿಯನ್ನೂ ಓದಿದ್ದೇನೆ. ನಿರ್ಣಯಕ್ಕೆ ನನ್ನ ಒಪ್ಪಿಗೆ ಇದೆ / ಒಪ್ಪಿಗೆ ಇಲ್ಲ / ಇದನ್ನು ಸಭೆಯಲ್ಲಿ ತೀರ್ಮಾನಿಸಬೇಕು. (ಬೇಡದ್ದನ್ನು ಹೊಡೆದುಹಾಕಿ.) ಇದರಲ್ಲಿ ನನಗೆ ಹಿತಾಸಕ್ತಿ ಇಲ್ಲ / ಇದೆ: ________.
ಸಹಿ, ಹೆಸರು, ದಿನಾಂಕ.

ದಿನಾಂಕ ಹಾಕದೆ ಸಹಿ ಮಾಡಿದ ಪ್ರತಿ ಬಂದರೆ, ಅದು ಕಂಪನಿಗೆ ತಲುಪಿದ ದಿನವೇ ಸಹಿಯ ದಿನ. ಹಿಂದಿನ ತಾರೀಖನ್ನು ನೀವು ತುಂಬಲು ಹೋಗಬೇಡಿ.

ಕರಡನ್ನು ಕನ್ನಡದಲ್ಲಿ ಬರೆದರೆ ನಿರ್ದೇಶಕರಿಗೆ ಅರ್ಥವಾಗುತ್ತದೆ, ಅದು ದೊಡ್ಡ ಲಾಭ. ಆದರೆ ಫಾರಂ ಜೊತೆ ಹೋಗುವ ದೃಢೀಕೃತ ಪ್ರತಿ ಇಂಗ್ಲಿಷಿನಲ್ಲಿರುವುದು ರೂಢಿ. ಹಾಗಾಗಿ ಎರಡೂ ಭಾಷೆಯ ಪಠ್ಯವನ್ನು ಒಟ್ಟಿಗೇ ಸುತ್ತಿಸಿ. ಆಮೇಲೆ ಅನುವಾದಿಸಲು ಹೋದರೆ ವಿಳಾಸದ ಬಾಗಿಲು ಸಂಖ್ಯೆ ಒಂದರಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಆಗುವುದುಂಟು.

ಒಬ್ಬರ ಸಹಿ ಬಾರದಿದ್ದರೆ

ಸೆಕ್ಷನ್ 175ಕ್ಕೆ ಬಹುಮತ ಸಾಕು ಎಂದೆ. ಆದರೆ ನಿಮ್ಮ ಕಂಪನಿಯ ನಿಯಮಾವಳಿಯನ್ನು ಒಮ್ಮೆ ತೆರೆದು ನೋಡಿ. ಚಿಕ್ಕ ಕಂಪನಿಗಳು ಹೆಚ್ಚಾಗಿ ಕಾಯ್ದೆಯ ಜೊತೆಗಿರುವ ಟೇಬಲ್ ಎಫ್ ಎಂಬ ಮಾದರಿ ನಿಯಮಾವಳಿಯನ್ನೇ ಒಪ್ಪಿಕೊಂಡಿರುತ್ತವೆ. ಅದರಲ್ಲಿ ಲಿಖಿತ ನಿರ್ಣಯದ ಬಗ್ಗೆ ಒಂದು ಸಾಲಿದೆ. ಮಂಡಳಿಯ ಎಲ್ಲ ಸದಸ್ಯರೂ ಸಹಿ ಮಾಡಿದ ಲಿಖಿತ ನಿರ್ಣಯ, ಸಭೆಯಲ್ಲಿ ಮಾಡಿದ ನಿರ್ಣಯಕ್ಕೆ ಸಮ ಎಂದು ಅದು ಹೇಳುತ್ತದೆ. ಎಲ್ಲರೂ! "ಕಾಯ್ದೆಯಲ್ಲಿ ಬೇರೆ ರೀತಿ ಹೇಳಿರುವುದನ್ನು ಬಿಟ್ಟು" ಎಂಬ ಮಾತೂ ಅದೇ ಸಾಲಿನಲ್ಲಿರುವುದರಿಂದ, ಕಾಯ್ದೆಯ ಬಹುಮತವೇ ಮೇಲು ಎಂದು ಓದಲು ದಾರಿಯಿದೆ. ನಿಯಮಾವಳಿ ಹೆಚ್ಚು ಬಿಗಿಯಾಗಿದ್ದರೆ ಅದನ್ನೇ ಪಾಲಿಸಬೇಕು ಎನ್ನುವವರೂ ಇದ್ದಾರೆ.

ನನ್ನ ಮಟ್ಟಿಗೆ ಕಚೇರಿ ಬದಲಾವಣೆಯಂಥ ಜಗಳವಿಲ್ಲದ ವಿಷಯಕ್ಕೆ ಈ ವಾದದಲ್ಲಿ ಸಿಕ್ಕಿಕೊಳ್ಳುವುದೇ ದಂಡ. ಮೂರೂ ಸಹಿಗಳನ್ನು ಪಡೆಯಲು ನೋಡಿ. ಒಬ್ಬರು ಸುಮ್ಮನೇ ಉಳಿದರೆ, ಅಥವಾ ವಿರೋಧಿಸಿದರೆ, ವಿಡಿಯೊ ಮೂಲಕ ಒಂದು ಮಂಡಳಿ ಸಭೆ ಕರೆಯಿರಿ. ಸಭೆಗೆ ಏಳು ದಿನದ ನೋಟಿಸು ಬೇಕು, ಇಬ್ಬರು ನಿರ್ದೇಶಕರಿದ್ದರೆ ಕೋರಂ ಆಯಿತು. ಸುತ್ತೋಲೆಗೂ ಏಳು ದಿನ, ಸಭೆಗೂ ಏಳು ದಿನ! ಅವಸರಕ್ಕೆಂದೇ ಸುತ್ತೋಲೆಯನ್ನು ಆರಿಸುವವರು ಈ ಸಮಾನತೆಯನ್ನು ಗಮನಿಸಿರುವುದಿಲ್ಲ. ಎಲ್ಲರೂ ತಕ್ಷಣ ಉತ್ತರಿಸುವ ಕಡೆ ಮಾತ್ರ ಸುತ್ತೋಲೆ ಬೇಗ ಮುಗಿಯುತ್ತದೆ.

ನಿರ್ಣಯವಾದ ಮೇಲೆ

ಬದಲಾವಣೆಯಾದ ಮೂವತ್ತು ದಿನದೊಳಗೆ INC-22 ಸಲ್ಲಿಸಬೇಕು. ಹಿಂದೆ ಇದು ಹದಿನೈದು ದಿನವಿತ್ತು, 2018ರಿಂದ ಮೂವತ್ತಾಗಿದೆ. ಹಳೆಯ ಕೈಪಿಡಿಗಳಲ್ಲಿ ಇನ್ನೂ ಹದಿನೈದೇ ಇರುತ್ತದೆ. ನಮ್ಮ ಕಂಪನಿ ಸೆಪ್ಟೆಂಬರ್ 30ನ್ನೇ ಕೊನೆಯ ದಿನವೆಂದು ಇಟ್ಟುಕೊಂಡರೆ ನಿಶ್ಚಿಂತೆ. ತಪ್ಪಿದರೆ ಕಂಪನಿಗೂ, ಹೊಣೆಗಾರ ಅಧಿಕಾರಿಗಳಿಗೂ ದಿನಕ್ಕೆ ಒಂದು ಸಾವಿರ ರೂಪಾಯಿಯಂತೆ, ಒಂದು ಲಕ್ಷದವರೆಗೆ ದಂಡ ವಿಧಿಸಲು ಸೆಕ್ಷನ್ 12ರಲ್ಲಿ ಅವಕಾಶವಿದೆ.

ಫಾರಂ ವಾಪಸು ಬರುವುದು ಸಾಮಾನ್ಯವಾಗಿ ಕಾಗದಗಳ ವಯಸ್ಸಿನಿಂದ. ಕಂಪನಿಯ ಹೆಸರಿನಲ್ಲಿರುವ ಬಾಡಿಗೆ ಕರಾರಿನ ನೋಟರಿ ಪ್ರತಿಯ ಜೊತೆ ಬಾಡಿಗೆ ರಸೀದಿ ಬೇಕು, ಅದು ಒಂದು ತಿಂಗಳಿಗಿಂತ ಹಳೆಯದಿರಬಾರದು. ವಿದ್ಯುತ್ ಅಥವಾ ದೂರವಾಣಿ ಬಿಲ್ಲು ಎರಡು ತಿಂಗಳಿಗಿಂತ ಹಳೆಯದಿರಬಾರದು, ಮಾಲೀಕರ ಹೆಸರಿನಲ್ಲೇ ಇರಬೇಕು. ಇಲ್ಲಿ ನಮ್ಮ ಊರುಗಳದೇ ಒಂದು ತೊಡಕಿದೆ. ಮನೆ ಮಗನ ಹೆಸರಿಗೆ ಖಾತೆಯಾಗಿ ವರ್ಷಗಳಾದರೂ ಸೆಸ್ಕ್ ಬಿಲ್ಲು ತೀರಿಕೊಂಡ ತಂದೆಯ ಹೆಸರಿನಲ್ಲೇ ಬರುತ್ತಿರುತ್ತದೆ. ಕರಾರಿಗೆ ಸಹಿ ಹಾಕುವ ಮುಂಚೆ ಬಿಲ್ಲನ್ನು ಕೇಳಿ ನೋಡಿದರೆ, ಹೆಸರು ಬದಲಾಯಿಸಿಕೊಡಿ ಎಂದು ಮಾಲೀಕರಿಗೆ ಹೇಳಲು ಸಮಯ ಸಿಗುತ್ತದೆ. ನಿರ್ಣಯ, ಕರಾರು, ಬಿಲ್ಲು ಮೂರರಲ್ಲೂ ಬಾಗಿಲು ಸಂಖ್ಯೆ, ಕ್ರಾಸು, ಪಿನ್‌ಕೋಡು ಒಂದೇ ಇರಬೇಕು. ಫಾರಂ ಅನ್ನು ಪ್ರಮಾಣೀಕರಿಸುವ ಸಿಎ ಅಥವಾ ಕಂಪನಿ ಸೆಕ್ರೆಟರಿಯವರು ತಾವು ಖುದ್ದಾಗಿ ಜಾಗಕ್ಕೆ ಹೋಗಿ ನೋಡಿದ್ದೇವೆಂದು ಘೋಷಿಸಬೇಕಾದ್ದರಿಂದ, ಸೆಪ್ಟೆಂಬರ್ ಮೊದಲ ವಾರದಲ್ಲೇ ಅವರನ್ನು ಕರೆಯಿರಿ.

ಜಿಎಸ್‌ಟಿಯ ಗಡುವು ಇದಕ್ಕಿಂತ ಚಿಕ್ಕದು. ನೋಂದಾಯಿತ ಕಚೇರಿಯೇ ವ್ಯವಹಾರದ ಮುಖ್ಯ ಸ್ಥಳವೂ ಆಗಿದ್ದರೆ ಹದಿನೈದು ದಿನದೊಳಗೆ REG-14 ಸಲ್ಲಿಸಬೇಕು. INC-22 ಅಂಗೀಕಾರವಾಗಲಿ ಆಮೇಲೆ ನೋಡೋಣ ಎಂದು ಕಾಯುವಂತಿಲ್ಲ. ಲೆಟರ್‌ಹೆಡ್, ಬಿಲ್ ಪುಸ್ತಕ, ನೋಟಿಸುಗಳಲ್ಲಿ ಹೊಸ ವಿಳಾಸವನ್ನು ಸಿಐಎನ್ ಜೊತೆ ಅಚ್ಚು ಹಾಕಿಸಬೇಕು.

ಬಾಗಿಲ ಬೋರ್ಡಿನ ವಿಷಯದಲ್ಲಿ ಕೇಂದ್ರದ ಕಾಯ್ದೆಯೇ ಸ್ಥಳೀಯ ಭಾಷೆಯನ್ನು ಕೇಳುತ್ತದೆ. ಕಂಪನಿಯ ಹೆಸರು, ನೋಂದಾಯಿತ ಕಚೇರಿಯ ವಿಳಾಸ ಹೊರಗಡೆ ಕಾಣುವಂತೆ ಇರಬೇಕು. ಆ ಊರಿನಲ್ಲಿ ಬಳಕೆಯಲ್ಲಿರುವ ಲಿಪಿ ಬೇರೆಯಾಗಿದ್ದರೆ ಆ ಲಿಪಿಯಲ್ಲೂ ಇರಬೇಕು ಎಂದು ಸೆಕ್ಷನ್ 12 ಹೇಳುತ್ತದೆ. ಮೈಸೂರಿನಲ್ಲಿ ಕನ್ನಡವಿಲ್ಲದ ಬೋರ್ಡು ಕಂಪನಿ ಕಾನೂನಿನ ಪ್ರಕಾರವೇ ಅಪೂರ್ಣ. ಅದರ ಮೇಲೆ ಕರ್ನಾಟಕದ 2024ರ ತಿದ್ದುಪಡಿಯಂತೆ ನಾಮಫಲಕದ ಶೇಕಡ 60 ಭಾಗ, ಅದೂ ಮೇಲ್ಭಾಗ, ಕನ್ನಡಕ್ಕೆ ಮೀಸಲು. ಫೋಟೊ ತೆಗೆಯುವ ಮುಂಚೆಯೇ ಈ ಬೋರ್ಡು ಹಾಕಿಸಿಬಿಟ್ಟರೆ ಎರಡೂ ಕೆಲಸ ಒಟ್ಟಿಗೆ ಮುಗಿಯುತ್ತವೆ.

ಉಳಿದದ್ದು ನಡಾವಳಿ. ಸುತ್ತೋಲೆ ನಿರ್ಣಯವನ್ನು ಮುಂದಿನ ಮಂಡಳಿ ಸಭೆಯಲ್ಲಿ ಗಮನಕ್ಕೆ ತಂದು, ಅದರ ಪೂರ್ಣ ಪಠ್ಯವನ್ನು ಆ ಸಭೆಯ ನಡಾವಳಿಯಲ್ಲಿ ಸೇರಿಸಬೇಕೆಂದು ಸೆಕ್ಷನ್ 175 ಹೇಳುತ್ತದೆ. ಕಾಯ್ದೆಯ ಅರ್ಥದಲ್ಲಿ ಸಣ್ಣ ಕಂಪನಿ ಎನಿಸಿಕೊಂಡಿದ್ದರೆ ಆರು ತಿಂಗಳಿಗೊಂದು ಸಭೆ ನಡೆದರೂ ನಡೆಯುತ್ತದೆ, ಹಾಗಾಗಿ ಆ ಹೊತ್ತಿಗೆ ಇದು ಮರೆತೇಹೋಗಿರುತ್ತದೆ. ಆಗಸ್ಟ್‌ನಲ್ಲೇ ಮುಂದಿನ ಸಭೆಯ ಕಾರ್ಯಸೂಚಿಯ ಕಡತಕ್ಕೆ ಈ ಕೆಳಗಿನ ಪಠ್ಯವನ್ನು ಸೇರಿಸಿಡಿ. ಗೆಳೆಯರು ಆಗಸ್ಟ್ 7ರಂದು ಒಪ್ಪಿದರೆಂದುಕೊಂಡು ಬರೆದದ್ದು ಇದು:

"ಸುತ್ತೋಲೆ ನಿರ್ಣಯ ಸಂಖ್ಯೆ 1/2026-27ರ ಕರಡನ್ನು 3 ಆಗಸ್ಟ್ 2026ರಂದು ಮೂವರೂ ನಿರ್ದೇಶಕರಿಗೆ ಅವರ ನೋಂದಾಯಿತ ಇ-ಮೇಲ್‌ಗೆ ಕಳುಹಿಸಲಾಗಿತ್ತೆಂದೂ, ಉತ್ತರಿಸಲು 10 ಆಗಸ್ಟ್ 2026 ಕೊನೆಯ ದಿನವಾಗಿತ್ತೆಂದೂ, ಮೂವರೂ ಒಪ್ಪಿಗೆ ನೀಡಿದ್ದು ಕೊನೆಯ ಒಪ್ಪಿಗೆ 7 ಆಗಸ್ಟ್ 2026ರಂದು ಬಂದಿತೆಂದೂ, ಅಂದು ನಿರ್ಣಯ ಅಂಗೀಕಾರವಾಯಿತೆಂದೂ ಅಧ್ಯಕ್ಷರು ಮಂಡಳಿಯ ಗಮನಕ್ಕೆ ತಂದರು. ವಿರೋಧ ಅಥವಾ ತಟಸ್ಥ ನಿಲುವು ಯಾವುದೂ ಇರಲಿಲ್ಲ. ಮಂಡಳಿ ಇದನ್ನು ಗಮನಿಸಿತು. ನಿರ್ಣಯದ ಪಠ್ಯ ಹೀಗಿದೆ: ________."

ಈ ನಡಾವಳಿಯ ಸಹಿಯಾದ ಪ್ರತಿಯ ಹಿಂದೆ ಮೂರು ಉತ್ತರ ಪತ್ರಗಳನ್ನೂ, ಕಳುಹಿಸಿದ ಮೂರು ಇ-ಮೇಲ್‌ಗಳ ಮುದ್ರಿತ ಪ್ರತಿಗಳನ್ನೂ, INC-22ರ ಚಲನ್ ಅನ್ನೂ ಸೇರಿಸಿ ಹೊಸ ಕಚೇರಿಯಲ್ಲಿಡಿ. ಹಳೆಯ ನಡಾವಳಿ ಪುಸ್ತಕ, ಸದಸ್ಯರ ರಿಜಿಸ್ಟರು ಸಾಮಾನು ಸಾಗಿಸುವ ಗಲಾಟೆಯಲ್ಲಿ ವಿಜಯನಗರದ ಅಟ್ಟದ ಮೇಲೆ ಉಳಿದುಬಿಡದಂತೆ ಮೊದಲ ಗಾಡಿಯಲ್ಲೇ ಕಳುಹಿಸಿ.